ಕಟ್-ಪೇಸ್ಟ್ ನಡುವೆ ಕರೆಂಟ್ ಹೋದರೆ, ಕಾಣೆಯಾದ ಫೋಟೊ ಹುಡುಕಬೇಕಾದ್ದು ಹಳೆ ಡಿಸ್ಕಿನಲ್ಲಿ

ಪ್ರಶ್ನೆ: ಸರ್, ನಾವು ಹೊಸನಗರದ ಹತ್ತಿರ ಇರೋದು. ತಂಗಿ ಮದುವೆ ಫೋಟೊ 1,860 ಇತ್ತು, ಡೆಸ್ಕ್‌ಟಾಪಿನ D: ಡ್ರೈವಲ್ಲಿ Maduve ಅನ್ನೋ ಫೋಲ್ಡರಲ್ಲಿ. ಎಲ್ಲಾ ಸೆಲೆಕ್ಟ್ ಮಾಡಿ ಕಟ್ ಮಾಡಿ, ಹೊಸ ಯುಎಸ್‌ಬಿ ಹಾರ್ಡ್ ಡಿಸ್ಕಿಗೆ (E:) ಪೇಸ್ಟ್ ಮಾಡ್ತಾ ಇದ್ದೆ, ಅರ್ಧಕ್ಕೆ ಕರೆಂಟ್ ಹೋಯ್ತು. ಈಗ E: ಯಲ್ಲಿ DSC_1112 ತನಕ ಇದೆ, D: ಯಲ್ಲಿ DSC_1130 ರಿಂದ ಇದೆ. ನಡುವಿನ 17 ಎರಡೂ ಕಡೆ ಇಲ್ಲ. E: ಯಲ್ಲಿ ಕೊನೆಯ ಕೆಲವು ಫೋಟೊ ಅರ್ಧ ಬೂದಿ ಬಣ್ಣ ಬರ್ತಿದೆ. E: ಹಾಕಿದ ಕೂಡಲೇ ಸ್ಕ್ಯಾನ್ ಮಾಡಿ ಸರಿ ಮಾಡಲಾ ಅಂತ ಕೇಳುತ್ತೆ, ನಾನಿನ್ನೂ ಒತ್ತಿಲ್ಲ. ಒತ್ತಬಹುದಾ? ಉಳಿದಿದ್ದನ್ನೂ ಕಟ್ ಮಾಡಿ ಮುಗಿಸಿಬಿಡ್ಲಾ?

ಉತ್ತರ: ಎರಡನ್ನೂ ಮಾಡಬೇಡಿ. ಇವತ್ತೇ ಕಂಪ್ಯೂಟರ್ ಆಫ್ ಮಾಡಿ, E: ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಡಿ. ಸ್ಕ್ಯಾನ್ ಬಟನ್ ಒತ್ತದೆ ಇದ್ದಿದ್ದು ಬಹಳ ಒಳ್ಳೆಯದಾಯಿತು.

ನೀವು ಕೊಟ್ಟ ನಂಬರುಗಳನ್ನು ನೋಡಿದರೆ ನನಗೆ ಸಾಕಷ್ಟು ಭರವಸೆ ಇದೆ. ಆ 17 ಫೋಟೊ ಇರುವುದು ಹೊಸ ಡಿಸ್ಕಿನಲ್ಲಲ್ಲ. ನಿಮ್ಮ ಹಳೆ D: ಯಲ್ಲೇ ಅವು ಪೂರ್ತಿಯಾಗಿ, ಮೊದಲಿದ್ದ ಜಾಗದಲ್ಲೇ ಇರುವ ಸಾಧ್ಯತೆ ತುಂಬಾ ಜಾಸ್ತಿ. ಇಂಥ ಸಮಸ್ಯೆ ತಂದವರಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ. ತೊಂದರೆ ಕಾಣುತ್ತಿರುವುದು ಹೊಸ ಡಿಸ್ಕಿನಲ್ಲಿ, ಬೂದಿ ಬಣ್ಣ ಬರುತ್ತಿರುವುದು ಅಲ್ಲಿ, ಎಚ್ಚರಿಕೆ ಕೊಡುತ್ತಿರುವುದೂ ಅದೇ ಡಿಸ್ಕ್, ಹಾಗಾಗಿ ಎಲ್ಲ ರಿಕವರಿ ಸಾಫ್ಟ್‌ವೇರನ್ನೂ ಅದರ ಮೇಲೇ ಓಡಿಸುತ್ತಾರೆ. ಅಷ್ಟರಲ್ಲಿ ಹಳೆ ಡಿಸ್ಕನ್ನು ಎಂದಿನಂತೆ ಬಳಸುತ್ತಲೂ ಇರುತ್ತಾರೆ. ಒಳ್ಳೆಯ ಪ್ರತಿ ಇರುವ ಕಡೆ ದಿನಾ ಏನಾದರೂ ಬರೆಯುವುದು, ಬರೆಯದೇ ಹೋದ ಕಡೆ ಹುಡುಕುವುದು. ಇದು ತಿರುಗುಮುರುಗು.

ಯಾಕೆ ಹೀಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದಿನ ಎಲ್ಲ ಹೆಜ್ಜೆಗಳೂ ಇದರ ಮೇಲೇ ನಿಂತಿವೆ.

ಒಂದೇ ಡ್ರೈವಿನೊಳಗೆ ಕಟ್ ಮಾಡಿ ಬೇರೆ ಫೋಲ್ಡರಿಗೆ ಹಾಕಿದರೆ ಫೈಲ್ ಜಾಗ ಬಿಟ್ಟು ಕದಲುವುದೇ ಇಲ್ಲ, ಅದರ ವಿಳಾಸ ಮಾತ್ರ ಬದಲಾಗುತ್ತದೆ. ಅದಕ್ಕೇ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದು. ಒಂದು ಡ್ರೈವಿನಿಂದ ಇನ್ನೊಂದಕ್ಕೆ ಕಟ್ ಮಾಡಿದಾಗ ಹಾಗಲ್ಲ. ಮೊದಲು ಕಾಪಿ ಆಗುತ್ತದೆ, ಆಮೇಲೆ ಹಳೆಯದು ಡಿಲೀಟ್ ಆಗುತ್ತದೆ. ನಿಮ್ಮಲ್ಲಿ ಒಂದೊಂದೇ ಫೋಟೊ ಕಾಪಿ ಆದ ಹಾಗೆ ಹಳೆ ಕಡೆಯದು ಅಳಿಯುತ್ತಾ ಹೋಗಿದೆ, 1130ಕ್ಕಿಂತ ಹಿಂದಿನವು D: ಯಲ್ಲಿ ಒಂದೂ ಇಲ್ಲ ಅನ್ನುವುದರಿಂದಲೇ ಅದು ಗೊತ್ತಾಗುತ್ತದೆ. ಕರೆಂಟ್ ಹೋಗುವ ಹೊತ್ತಿಗೆ ವಿಂಡೋಸ್ 1129ನೆಯದನ್ನು ಮುಗಿಸಿ 1130ಕ್ಕೆ ಕೈ ಹಾಕಿತ್ತು ಅಂತಿಟ್ಟುಕೊಳ್ಳಿ.

ಹಾಗಾದರೆ 1113ರಿಂದ 1129 ಹೊಸ ಡಿಸ್ಕಿನಲ್ಲಿ ಇರಬೇಕಿತ್ತು ಅಲ್ವಾ? ಇರಬೇಕಿತ್ತು. ಆದರೆ ವಿಂಡೋಸ್ "ಮುಗಿಯಿತು" ಅಂದುಕೊಳ್ಳುವುದಕ್ಕೂ ಡಿಸ್ಕಿನ ತಟ್ಟೆಯ ಮೇಲೆ ನಿಜವಾಗಿ ಬರೆಯುವುದಕ್ಕೂ ನಡುವೆ ಸ್ವಲ್ಪ ಹೊತ್ತಿನ ಅಂತರ ಇರುತ್ತದೆ. ಬರೆಯಬೇಕಾದ್ದು ಮೊದಲು ಕಂಪ್ಯೂಟರಿನ ರ‍್ಯಾಮಿನಲ್ಲಿ ಸಾಲು ನಿಲ್ಲುತ್ತದೆ, ಆಮೇಲೆ ಡಿಸ್ಕಿನ ಒಳಗೇ ಇರುವ ಚಿಕ್ಕ ಮೆಮೊರಿಯಲ್ಲಿ ನಿಲ್ಲುತ್ತದೆ, ಅದಾದ ಮೇಲೆ ತಟ್ಟೆಗೆ ಇಳಿಯುತ್ತದೆ. ಕರೆಂಟ್ ಹೋದರೆ ಈ ಸಾಲಿನಲ್ಲಿ ನಿಂತಿದ್ದೆಲ್ಲ ಮಾಯ. ಒಂದು ಫೋಟೊ 8 ಎಂಬಿ ಅಂತ ಹಿಡಿದರೆ 17 ಫೋಟೊ ಅಂದರೆ 136 ಎಂಬಿ, ಯುಎಸ್‌ಬಿ ಹಾರ್ಡ್ ಡಿಸ್ಕಿಗೆ ಅದು ಒಂದೆರಡು ಸೆಕೆಂಡಿನ ಕೆಲಸ. ನೀವು ಕಳೆದುಕೊಂಡಿದ್ದು ಆ ಒಂದೆರಡು ಸೆಕೆಂಡನ್ನು. ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ ಯುಎಸ್‌ಬಿ ಡಿಸ್ಕುಗಳಿಗೆ ಈ ಸಾಲು ಚಿಕ್ಕದಾಗಿರುವಂತೆ ಮೊದಲೇ ಹೊಂದಿಸಿರುತ್ತಾರೆ, Quick removal ಅಂತ ಅದರ ಹೆಸರು. ಸ್ಪೀಡ್ ಜಾಸ್ತಿ ಬರಲಿ ಅಂತ ಅದನ್ನು Better performance ಗೆ ಬದಲಾಯಿಸಿದ್ದರೆ ಸಾಲು ಉದ್ದ ಆಗುತ್ತದೆ.

ಕೊನೆಯ ಕೆಲವು ಫೋಟೊ ಅರ್ಧ ಬೂದಿ ಆಗಿರುವುದಕ್ಕೂ ಕಾರಣ ಇದೇ. ಕಾಪಿ ಶುರುವಾಗುವಾಗಲೇ ಆ ಫೈಲಿಗೆ ಎಷ್ಟು ಜಾಗ ಬೇಕೋ ಅಷ್ಟನ್ನು ಮೀಸಲಿಡುತ್ತಾರೆ. ಹೆಸರು ಬಂತು, ಸೈಜ್ ಪೂರ್ತಿ ಬಂತು, ಒಳಗಿನ ಮಾಲು ಅರ್ಧ ಮಾತ್ರ ಬಂತು, ಉಳಿದ ಕಡೆ ಸೊನ್ನೆಗಳು. ಆದ್ದರಿಂದ ಸೈಜ್ ಸರಿ ಇದೆ ಅಂತ ನೋಡಿ ಯಾವ ಫೈಲನ್ನೂ ನಂಬಬೇಡಿ.

ಇನ್ನು ಹಳೆ ಡಿಸ್ಕಿನ ವಿಷಯ. ಕಂಪ್ಯೂಟರಿನ ಒಳಗಿನ ಡ್ರೈವ್ ಅಂದಮೇಲೆ D: ಯಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ ಸಾಮಾನ್ಯವಾಗಿ ಎನ್‌ಟಿಎಫ್‌ಎಸ್ ಇರುತ್ತದೆ. ಅದರಲ್ಲಿ ಪ್ರತಿ ಫೈಲಿಗೂ ಒಂದು ಪಟ್ಟಿಯಲ್ಲಿ ಒಂದು ದಾಖಲೆ ಇದೆ: ಹೆಸರು, ಸೈಜ್, ಡಿಸ್ಕಿನ ಯಾವ ಯಾವ ಜಾಗದಲ್ಲಿ ಮಾಲು ಇದೆ ಅಂತ. ಫೈಲ್ ಡಿಲೀಟ್ ಆದಾಗ ಆ ದಾಖಲೆಯ ಮೇಲೆ "ಖಾಲಿ" ಅಂತ ಗುರುತು ಬೀಳುತ್ತದೆ, ಅಷ್ಟೇ. ಪಹಣಿಯಲ್ಲಿ ಹೆಸರು ತೆಗೆದರೂ ಅಡಿಕೆ ತೋಟ ಅಲ್ಲೇ ಇರುತ್ತದಲ್ಲ, ಹಾಗೆ. ಇನ್ನೊಬ್ಬರು ಬಂದು ಅಲ್ಲಿ ಬೇರೆ ಏನಾದರೂ ನೆಡುವ ತನಕ ನಿಮ್ಮ ಫೋಟೊ ಹಾಗೇ ಇರುತ್ತದೆ. ರೀಸೈಕಲ್ ಬಿನ್ನಿನಲ್ಲಿ ಹುಡುಕಬೇಡಿ, ಕಟ್-ಪೇಸ್ಟಿನಲ್ಲಿ ಅಳಿದದ್ದು ಅಲ್ಲಿಗೆ ಹೋಗುವುದಿಲ್ಲ.

ಇಷ್ಟೆಲ್ಲ D: ಹಳೆಯ ಕಾಲದ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಮಾತ್ರ. ಅದು ಎಸ್‌ಎಸ್‌ಡಿ ಆಗಿದ್ದರೆ ಕಥೆ ಬೇರೆ. ಎಸ್‌ಎಸ್‌ಡಿಯಲ್ಲಿ ಫೈಲ್ ಅಳಿದ ಕೂಡಲೇ ವಿಂಡೋಸ್ ಆ ಜಾಗ ಬೇಡ ಅಂತ ಡಿಸ್ಕಿಗೆ ಹೇಳುತ್ತದೆ, ಇದಕ್ಕೆ ಟ್ರಿಮ್ ಅನ್ನುತ್ತಾರೆ, ಡಿಸ್ಕ್ ತನ್ನಷ್ಟಕ್ಕೆ ಅದನ್ನು ಒರೆಸಿ ಹಾಕುತ್ತದೆ. ಆಮೇಲೆ ಓದಿದರೆ ಸಾಮಾನ್ಯವಾಗಿ ಬರುವುದು ಸೊನ್ನೆಗಳೇ. ಹಾಗಿದ್ದಾಗ ಆಸೆ ಇಡಬೇಕಾದ್ದು ಹೊಸ ಡಿಸ್ಕಿನ ಮೇಲೆ ಮಾತ್ರ, ಅದೂ ಕಡಿಮೆ. ನಿಮ್ಮದು ಯಾವುದು ಅಂತ ಬರೆದಿಲ್ಲ. ಡಬ್ಬಿ ಬಿಚ್ಚಿ ನೋಡಿದರೆ ತಿಳಿಯುತ್ತದೆ: ಅಂಗೈಯಷ್ಟು ಅಗಲದ, ಭಾರವಾದ, ಕಬ್ಬಿಣದ ಪೆಟ್ಟಿಗೆಯಂತಿದ್ದರೆ ಅದು ಹಾರ್ಡ್ ಡಿಸ್ಕ್. ಹಾಗೇ ಇದೆ ಅಂದುಕೊಂಡು ಮುಂದೆ ಹೇಳುತ್ತೇನೆ.

ಈಗ ಕೆಲಸ.

ಮೊದಲು ಒಂದು ಮೂರನೇ ಡಿಸ್ಕ್ ಬೇಕು, F: ಅಂತ ಕರೆಯೋಣ. ತೆಗೆದದ್ದೆಲ್ಲ ಇದಕ್ಕೇ ಹೋಗಬೇಕು, D: ಗೂ ಅಲ್ಲ E: ಗೂ ಅಲ್ಲ. ಇದು ನಾನು ಸುಮ್ನೆ ಕಟ್ಟುನಿಟ್ಟು ಮಾಡುತ್ತಿರುವುದಲ್ಲ. ಸಾಗರದ ಕಡೆಯ ಒಬ್ಬರು ಯಕ್ಷಗಾನದ ವಿಡಿಯೊಗಳನ್ನು ಹೀಗೇ ಕಳೆದುಕೊಂಡಿದ್ದರು, ನನ್ನ ಹತ್ತಿರ ತರುವ ಮೊದಲು ತಾವೇ ಒಂದು ಸಾಫ್ಟ್‌ವೇರ್ ಹಾಕಿ ರಿಕವರ್ ಮಾಡಿದ್ದರು, ಬೇರೆ ಜಾಗ ಇಲ್ಲ ಅಂತ ಅದೇ ಡ್ರೈವಿಗೆ ಸೇವ್ ಮಾಡಿದ್ದರು. ಹೆಸರುಗಳೆಲ್ಲ ಚೆನ್ನಾಗಿ ವಾಪಸ್ ಬಂದಿದ್ದವು. ತೆರೆದರೆ ಒಂದು ಪ್ರಸಂಗದ ಮಧ್ಯೆ ಇನ್ನೊಂದು ಪ್ರಸಂಗದ ತುಣುಕು, ಕೆಲವು ತೆರೆಯುವುದೇ ಇಲ್ಲ. ಮೊದಲು ತೆಗೆದ ಫೈಲು, ಇನ್ನೂ ತೆಗೆಯಬೇಕಾಗಿದ್ದ ಫೈಲಿನ ಮೇಲೇ ಹೋಗಿ ಕೂತಿತ್ತು. ಅದರಲ್ಲಿ ಒಬ್ಬ ಹಿರಿಯ ಭಾಗವತರ ಕೊನೆಯ ವರ್ಷಗಳ ಪದ್ಯಗಳಿದ್ದವು. ಅರ್ಧದಷ್ಟೂ ಉಳಿಯಲಿಲ್ಲ. ಈಗಲೂ ನೆನಪಾದರೆ ಹೊಟ್ಟೆ ಉರಿಯುತ್ತದೆ.

ಎರಡನೆಯದು, ನಿಮ್ಮ ಕಂಪ್ಯೂಟರಿನಲ್ಲೇ ವಿಂಡೋಸ್ ತೆರೆದು ಕೆಲಸ ಮಾಡಬೇಡಿ. D: ಇರುವ ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಸಾಟಾ-ಯುಎಸ್‌ಬಿ ಕೇಬಲಿನಲ್ಲಿ ಹಾಕಿ. ಹೊಸನಗರದಲ್ಲಿ ಸಿಗದಿದ್ದರೆ ಶಿವಮೊಗ್ಗದ ಕಂಪ್ಯೂಟರ್ ಅಂಗಡಿಗಳಲ್ಲಿ ಸಿಗುತ್ತದೆ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ ಕೇಬಲಿನ ಜೊತೆ 12 ವೋಲ್ಟ್ ಅಡಾಪ್ಟರ್ ಇರುವಂಥದ್ದೇ ಬೇಕು, ಬರೀ ಯುಎಸ್‌ಬಿ ಕರೆಂಟಿನಲ್ಲಿ ಅದು ತಿರುಗುವುದಿಲ್ಲ. ಆ ಅಡಾಪ್ಟರನ್ನು ಯುಪಿಎಸ್ ಇರುವ ಪ್ಲಗ್ಗಿಗೆ ಹಾಕಿ, ಈ ಮಳೆಯಲ್ಲಿ ಇನ್ನೊಂದು ಸಲ ಕರೆಂಟ್ ಹೋಗುವುದು ಬೇಡ. ಬಿಚ್ಚುವುದು ಕಷ್ಟ ಅಂದರೆ, C: ಮತ್ತು D: ಒಂದೇ ಡಿಸ್ಕಿನ ಎರಡು ಭಾಗ ಆಗಿದ್ದರೂ C: ಮೇಲೆ ಬರೆದದ್ದು D: ಯನ್ನು ಮುಟ್ಟುವುದಿಲ್ಲ, ಹಾಗಾಗಿ ಅಲ್ಲೇ ಮಾಡಿದರೂ ಕೆಲಸ ಆಗಬಹುದು. ಆದರೆ D: ಗೆ ಏನೂ ಡೌನ್‌ಲೋಡ್ ಆಗದ ಹಾಗೆ, ಏನೂ ಸೇವ್ ಆಗದ ಹಾಗೆ ನೋಡಿಕೊಳ್ಳಬೇಕು. ಚಿಕ್ಕ ಫೈಲ್ ಬಿದ್ದರೂ ಅದು ಖಾಲಿ ಅಂತ ಗುರುತಾದ ಒಂದು ದಾಖಲೆಯನ್ನು ಬಳಸಿಕೊಳ್ಳುತ್ತದೆ, ಅಲ್ಲಿಗೆ ನಿಮ್ಮ ಒಂದು ಫೋಟೊದ ಹೆಸರು ಮತ್ತು ವಿಳಾಸ ಹೋಯಿತು.

ಮೂರನೆಯದು ಡಿಸ್ಕಿನ ಆರೋಗ್ಯ. ನಮ್ಮ ಕಡೆ ಮರ ಬಿದ್ದು ಲೈನ್ ಹೋದಾಗ ಕರೆಂಟ್ ಒಂದೇ ಸಲ ಹೋಗುವುದಿಲ್ಲ, ಬಂದು ಹೋಗಿ ಬಂದು ಹೋಗಿ ಮಾಡುತ್ತದೆ. ಬರೆಯುತ್ತಾ ಇರುವಾಗ ಹಾಗಾದರೆ ಕೆಲವು ಜಾಗ ಓದಲು ಬಾರದ ಹಾಗೆ ಆಗಬಹುದು. CrystalDiskInfo ಅನ್ನುವ ಉಚಿತ ಪ್ರೋಗ್ರಾಮಿನಲ್ಲಿ D: ಮತ್ತು E: ಎರಡನ್ನೂ ನೋಡಿ. ಸಾಲು 05 ಮತ್ತು C5, ಈ ಎರಡು ಮಾತ್ರ ನಮಗೆ ಮುಖ್ಯ. 05 ಅಂದರೆ ಕೆಟ್ಟು ಹೋಗಿ ಬದಲಿ ಕೊಟ್ಟ ಜಾಗಗಳು, C5 ಅಂದರೆ ಓದಲು ಆಗದೆ ಕಾಯುತ್ತಿರುವ ಜಾಗಗಳು. ಎರಡೂ ಸೊನ್ನೆ ಇದ್ದರೆ ನೇರ ಮುಂದಿನ ಹೆಜ್ಜೆಗೆ ಹೋಗಿ.

D: ಯ C5 ಸೊನ್ನೆ ಇಲ್ಲ ಅಂದರೆ ಅಥವಾ ಡಿಸ್ಕ್ ಟಕ್ ಟಕ್ ಅಂತ ಶಬ್ದ ಮಾಡುತ್ತಿದ್ದರೆ ಅದರ ಮೇಲೆ ರಿಕವರಿ ಓಡಿಸಬೇಡಿ. ಶಬ್ದ ಬರುತ್ತಿದ್ದರೆ ಆಫ್ ಮಾಡಿ ಡಿಸ್ಕ್ ಬಿಚ್ಚಿ ಕೆಲಸ ಮಾಡುವವರ ಹತ್ತಿರ ಕೊಡಿ. ಶಬ್ದ ಇಲ್ಲ, C5 ಮಾತ್ರ ಇದೆ ಅಂದರೆ ಮೊದಲು ಇಡೀ ಡಿಸ್ಕಿನ ಒಂದು ನಕಲು ತೆಗೆಯಬೇಕು. ಪೆನ್ ಡ್ರೈವಿನಿಂದ ಲಿನಕ್ಸ್ ಹಾಕಿ, `lsblk` ಕೊಟ್ಟು ಸೈಜ್ ನೋಡಿ ಯಾವುದು ಯಾವ ಡಿಸ್ಕ್ ಅಂತ ಎರಡೆರಡು ಸಲ ಖಾತ್ರಿ ಮಾಡಿಕೊಂಡು, ಆಮೇಲೆ ಇದು:

```
sudo ddrescue -d -n /dev/sdb /mnt/f/hale.img /mnt/f/hale.map
```

ಇಲ್ಲಿ `/dev/sdb` ಹಳೆ ಡಿಸ್ಕ್, `/mnt/f` ಅಂದರೆ ಲಿನಕ್ಸಿನಲ್ಲಿ F: ಡಿಸ್ಕನ್ನು ಮೊದಲೇ ಮೌಂಟ್ ಮಾಡಿಟ್ಟ ಜಾಗ ಅಂತ ಇಟ್ಟುಕೊಂಡಿದ್ದೇನೆ, ನಿಮ್ಮದು ಬೇರೆ ಇರಬಹುದು. 1 ಟಿಬಿ ಡಿಸ್ಕಿಗೆ ನಕಲೂ 1 ಟಿಬಿ ಆಗುವುದರಿಂದ F: ಯಲ್ಲಿ ಅದಕ್ಕಿಂತ ಜಾಸ್ತಿ ಜಾಗ ಇರಬೇಕು. ನನಗೆ ಈ ಪ್ರೋಗ್ರಾಮ್ ಇಷ್ಟ ಆಗುವುದು ಕೊನೆಯಲ್ಲಿರುವ ಆ `hale.map` ಫೈಲಿನಿಂದ. ಎಲ್ಲಿಯ ತನಕ ಓದಿದೆ, ಎಲ್ಲೆಲ್ಲಿ ಬಿಟ್ಟಿದೆ ಅಂತ ಅದರಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಡುವೆ ಮತ್ತೆ ಕರೆಂಟ್ ಹೋದರೂ ಅದೇ ಕಮಾಂಡ್ ಪುನಃ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ನಕಲು ಆದಮೇಲೆ ಹುಡುಕಾಟ ಎಲ್ಲ ಆ ನಕಲಿನ ಮೇಲೆ. TestDisk ಅನ್ನುವ ಉಚಿತ ಪ್ರೋಗ್ರಾಮ್ ಅಂಥ ನಕಲನ್ನು ನೇರವಾಗಿ ತೆರೆದು ಅಳಿದ ಫೈಲುಗಳನ್ನು ತೋರಿಸುತ್ತದೆ.

ಡಿಸ್ಕ್ ಆರೋಗ್ಯವಾಗಿದ್ದರೆ ಇಷ್ಟು ದೂರ ಹೋಗಬೇಕಾಗಿಲ್ಲ. ಮೈಕ್ರೋಸಾಫ್ಟಿನದೇ ಒಂದು ಉಚಿತ ಪ್ರೋಗ್ರಾಮ್ ಇದೆ, Windows File Recovery ಅಂತ, ಅದರ ಸ್ಟೋರಿನಲ್ಲಿ ಸಿಗುತ್ತದೆ, ವಿಂಡೋಸ್ 10ರ 2004 ಆವೃತ್ತಿ ಅಥವಾ ಅದಕ್ಕಿಂತ ಹೊಸದು ಇರಬೇಕು. ಕಿಟಕಿ, ಬಟನ್ ಯಾವುದೂ ಇಲ್ಲ, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಹೀಗೆ ಬರೆಯಬೇಕು:

```
winfr D: F: /regular /n \Maduve\
```

ಮೊದಲನೆಯದು ಎಲ್ಲಿಂದ, ಎರಡನೆಯದು ಎಲ್ಲಿಗೆ. ಬೇರೆ ಕಂಪ್ಯೂಟರಿಗೆ ಹಾಕಿದಾಗ D: ಅನ್ನುವುದು G: ಅಥವಾ H: ಆಗಿರಬಹುದು, ನೋಡಿಕೊಂಡು ಬದಲಾಯಿಸಿ. `/regular` ಅಂದರೆ ನಾನು ಮೇಲೆ ಹೇಳಿದ ಆ ದಾಖಲೆಗಳ ಪಟ್ಟಿಯನ್ನೇ ಓದುವ ದಾರಿ. ಈಚೆಗೆ ಅಳಿದ, ಪಟ್ಟಿ ಹಾಳಾಗದ ನಿಮ್ಮಂಥ ಸಂದರ್ಭಕ್ಕೆ ಇದೇ ಸರಿ, ಫೋಟೊಗಳು ತಮ್ಮ ತಮ್ಮ ಹೆಸರಿನಲ್ಲೇ ಬರುತ್ತವೆ. F: ಯಲ್ಲಿ Recovery_ ಅಂತ ಶುರುವಾಗುವ ಒಂದು ಫೋಲ್ಡರ್ ಆಗಿ, ಅದರೊಳಗೆ ಸಿಕ್ಕಿದ್ದೆಲ್ಲ ಇರುತ್ತದೆ.

ಇಲ್ಲೊಂದು ಒಳ್ಳೆಯ ಸಂಗತಿ ಇದೆ. ಹೀಗೆ ಮಾಡಿದಾಗ ನಿಮಗೆ 17 ಮಾತ್ರ ಸಿಗುವುದಿಲ್ಲ. ಕಟ್-ಪೇಸ್ಟಿನಲ್ಲಿ D: ಯಿಂದ ಅಳಿದ 1,129 ಫೋಟೊಗಳೂ, ಅಂದರೆ DSC_0001 ರಿಂದ DSC_1129 ತನಕ, ಸಿಗುವ ಸಾಧ್ಯತೆ ಇದೆ. ಅರ್ಧ ಬೂದಿ ಆದವುಗಳ ಪೂರ್ತಿ ಮೂಲವೂ ಅದರಲ್ಲೇ ಇರುತ್ತದೆ. ಅವುಗಳನ್ನು ರಿಪೇರಿ ಮಾಡುವ ಸಾಫ್ಟ್‌ವೇರ್ ಅಂತ ದುಡ್ಡು ಕೇಳುವವರಿದ್ದಾರೆ. ಬರೆಯದೇ ಹೋದ ಅರ್ಧವನ್ನು ಯಾವ ಸಾಫ್ಟ್‌ವೇರೂ ಹುಟ್ಟಿಸಲಾರದು, ಅದಕ್ಕೆ ದುಡ್ಡು ಕೊಡಬೇಡಿ.

ಇದು ಮುಗಿದ ಮೇಲೆ ಅದೇ ಫೋಲ್ಡರಿನಲ್ಲಿ ಇನ್ನೂ ಜೀವಂತ ಇರುವ 1130ರಿಂದ 1860 ತನಕದ 731 ಫೋಟೊಗಳನ್ನೂ F: ಗೆ ಕಾಪಿ ಮಾಡಿ. ಕಾಪಿ, ಕಟ್ ಅಲ್ಲ.

ಈಗ E: ಸರದಿ. ಸಿಕ್ಕಿಸಿದಾಗ ಸ್ಕ್ಯಾನ್ ಮಾಡಲಾ ಅಂತ ಬರುವುದನ್ನು ಮುಚ್ಚಿ. ಫಾರ್ಮ್ಯಾಟ್ ಮಾಡಬೇಕು ಅಂತ ಬಂದರೂ ಬೇಡ ಅನ್ನಿ. ಆ ಸ್ಕ್ಯಾನ್ ಕೆಟ್ಟದ್ದಲ್ಲ, ಆದರೆ ಅದರ ಕೆಲಸ ಡ್ರೈವಿನ ಲೆಕ್ಕ ಸರಿ ಮಾಡುವುದು, ನಿಮ್ಮ ಫೋಟೊ ಉಳಿಸುವುದಲ್ಲ. ಲೆಕ್ಕ ಹೊಂದದ ಫೈಲ್ ಕಂಡರೆ ಅದನ್ನು ಮೊಟಕು ಮಾಡಿಯೋ ತೆಗೆದುಹಾಕಿಯೋ ಲೆಕ್ಕ ಹೊಂದಿಸುತ್ತದೆ. ಯಾರದ್ದು ಅಂತ ಗೊತ್ತಾಗದ ತುಣುಕುಗಳನ್ನು FOUND.000 ಅನ್ನುವ ಅಡಗಿದ ಫೋಲ್ಡರಿನಲ್ಲಿ FILE0000.CHK, FILE0001.CHK ಅಂತ ಇಡುತ್ತದೆ. ಈಗಾಗಲೇ ಸ್ಕ್ಯಾನ್ ಒತ್ತಿಬಿಟ್ಟವರು ಇದನ್ನು ಓದುತ್ತಿದ್ದರೆ ಆ ಫೋಲ್ಡರ್ ಅಳಿಸಬೇಡಿ, ಅದರೊಳಗಿನದನ್ನು ಬೇರೆ ಕಡೆ ಕಾಪಿ ಮಾಡಿ ಹೆಸರಿನ ಕೊನೆಯನ್ನು .JPG ಅಂತ ಬದಲಾಯಿಸಿ ತೆರೆದು ನೋಡಿ, ಕೆಲವು ಫೋಟೊ ಆಗಿಯೇ ತೆರೆದುಕೊಳ್ಳುತ್ತವೆ. ನಿಮ್ಮ ವಿಷಯದಲ್ಲಿ ಸ್ಕ್ಯಾನ್ ಎಲ್ಲ ಮುಗಿದ ಮೇಲಿನ ಕೆಲಸ.

E: ಯಲ್ಲಿರುವ 1,112 ಫೋಟೊಗಳನ್ನು ಹಾಗೇ F: ಯಲ್ಲಿ `hosa` ಅನ್ನುವ ಫೋಲ್ಡರಿಗೆ ಕಾಪಿ ಮಾಡಿ. D: ಯಿಂದ ರಿಕವರ್ ಆದ 1,129ನ್ನು `hale` ಅನ್ನುವ ಫೋಲ್ಡರಿಗೆ ಹಾಕಿ. ಇದು F: ಯ ಒಳಗೇ ಆಗುವ ಬದಲಾವಣೆಯಾದ್ದರಿಂದ ಇಲ್ಲಿ ಕಟ್ ಮಾಡಿದರೂ ಭಯವಿಲ್ಲ, ವಿಳಾಸ ಮಾತ್ರ ಬದಲಾಗುವ ಸಂಗತಿ. ಈಗ ಒಂದೇ ಫೋಟೊದ ಎರಡು ಪ್ರತಿ ಎರಡು ಬೇರೆ ಡಿಸ್ಕಿನಿಂದ ಬಂದಿವೆ. ಎರಡೂ ಅಕ್ಷರ ಅಕ್ಷರ ಒಂದೇ ಇದ್ದರೆ ಎರಡೂ ಸರಿ ಇವೆ ಅಂತ ಧೈರ್ಯವಾಗಿ ಹೇಳಬಹುದು. ಯಾಕೆಂದರೆ ಎರಡು ಡಿಸ್ಕುಗಳು ಒಂದೇ ರೀತಿ ಕೆಡುವುದಿಲ್ಲ. ಅದನ್ನು ಕಣ್ಣಲ್ಲಿ ನೋಡುತ್ತಾ ಕೂರಬೇಕಾಗಿಲ್ಲ, ಪವರ್‌ಶೆಲ್ ತೆರೆದು ಇದನ್ನು ಕೊಡಿ:

```
$a = Get-FileHash F:\hosa\*.JPG
$b = Get-FileHash F:\hale\*.JPG
Compare-Object $a $b -Property Hash -PassThru | Select-Object Path
```

ಪ್ರತಿ ಫೈಲಿನ ಒಳಗಿನ ಮಾಲಿನಿಂದ ಒಂದು ಉದ್ದದ ಗುರುತು ತೆಗೆದು, ಜೋಡಿ ಸಿಗದವುಗಳ ಹೆಸರನ್ನು ಮಾತ್ರ ಇದು ತೋರಿಸುತ್ತದೆ. 1,098ನೆಯದರಿಂದ ಕೊನೆಯ ತನಕ, ಅಂದರೆ 15 ಫೋಟೊ E: ಯಲ್ಲಿ ಕೆಟ್ಟಿವೆ ಅಂತಿಟ್ಟುಕೊಳ್ಳಿ. ಆಗ ನಿಮಗೆ 47 ಸಾಲು ಕಾಣಬೇಕು: `hosa` ಕಡೆಯ ಕೆಟ್ಟ 15, ಅವೇ ಫೋಟೊಗಳ `hale` ಕಡೆಯ 15, ಮತ್ತೆ `hosa` ದಲ್ಲಿ ಇಲ್ಲವೇ ಇಲ್ಲದ ಆ 17. ಉಳಿದ 1,097 ಜೋಡಿ ಬಗ್ಗೆ ಚಿಂತೆ ಬೇಡ. ನಿಮ್ಮ ನಿಜವಾದ ನಂಬರ್ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು. ಮುಖ್ಯವಾಗಿ ನೋಡಬೇಕಾದ್ದು, ಪಟ್ಟಿಯಲ್ಲಿರುವವು ಕೊನೆಯಲ್ಲೇ ಗುಂಪಾಗಿವೆಯೋ ಇಲ್ಲವೋ ಅಂತ. 0300, 0540 ಅಂತ ನಡುನಡುವೆ ಹೆಸರು ಬಂದರೆ ಕಾರಣ ಕರೆಂಟ್ ಹೋಗಿದ್ದಲ್ಲ. ಆಗ D: ಯಲ್ಲಿ ಅಲ್ಲಲ್ಲಿ ಬೇರೆ ಏನೋ ಬಂದು ಕೂತಿರಬೇಕು, ಅಥವಾ ಎರಡರಲ್ಲಿ ಒಂದು ಡಿಸ್ಕ್ ಕೆಡುತ್ತಿರಬೇಕು. ಅಂಥವನ್ನು ಒಂದೊಂದೇ ತೆರೆದು, ಯಾವ ಕಡೆಯದು ಚೆನ್ನಾಗಿದೆಯೋ ಅದನ್ನು ಇಟ್ಟುಕೊಳ್ಳಿ.

ಆ 17ಕ್ಕೆ ಹೋಲಿಸಲು ಜೋಡಿ ಇಲ್ಲ, ಆದ್ದರಿಂದ ಅವನ್ನು ನೀವೇ ತೆರೆದು ನೋಡಬೇಕು. ಚಿಕ್ಕ ಚಿತ್ರವಾಗಿ ಫೋಲ್ಡರಿನಲ್ಲಿ ಕಾಣುವುದನ್ನು ನಂಬಬೇಡಿ, ಕ್ಯಾಮೆರಾ ಫೋಟೊದ ಶುರುವಿನಲ್ಲೇ ಒಂದು ಪುಟ್ಟ ಪ್ರತಿ ಇಟ್ಟಿರುತ್ತದೆ, ಕೆಳಗೆಲ್ಲ ಹಾಳಾಗಿದ್ದರೂ ಆ ಪುಟ್ಟ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಪೂರ್ತಿ ದೊಡ್ಡದಾಗಿ ತೆರೆದು ಕೆಳಗಿನ ಅಂಚಿನ ತನಕ ನೋಡಿ.

ಹೆಸರಿನಲ್ಲಿ ಒಂದೆರಡು ಸಿಗದೇ ಹೋದರೆ, ಅವುಗಳ ದಾಖಲೆ ಬೇರೆ ಫೈಲಿಗೆ ಹೋಗಿರಬಹುದು, ಮಾಲು ಇನ್ನೂ ಇರಬಹುದು. ಅದಕ್ಕೆ PhotoRec ಇದೆ. ಅದು ಪಟ್ಟಿಯನ್ನು ನೋಡುವುದೇ ಇಲ್ಲ, ಡಿಸ್ಕಿನ ಖಾಲಿ ಜಾಗದಲ್ಲಿ ಫೋಟೊ ಶುರುವಾಗುವ ಗುರುತು ಎಲ್ಲಿದೆ ಅಂತ ಹುಡುಕಿ ಅಲ್ಲಿಂದ ಎತ್ತುತ್ತದೆ. ಹೆಸರು ಬರುವುದಿಲ್ಲ, f ಮತ್ತು ನಂಬರ್ ಇರುವ ಸಾವಿರಾರು ಫೈಲ್ ಬರುತ್ತವೆ, ಹಿಂದೆ ಎಂದೋ ಅಳಿಸಿದ ಫೋಟೊಗಳೂ ಸೇರಿಕೊಳ್ಳುತ್ತವೆ. ಆದರೆ ಫೋಟೊದೊಳಗೆ ಕ್ಯಾಮೆರಾ ಬರೆದ ದಿನಾಂಕ, ಸಮಯ ಇರುತ್ತದೆ. 1112ನೆಯದರ ಸಮಯ ಮತ್ತು 1130ನೆಯದರ ಸಮಯ ನಿಮಗೆ ಗೊತ್ತು, ಕಳೆದದ್ದು ಈ ಎರಡರ ನಡುವೆಯೇ ಇರಬೇಕು. ಮುಹೂರ್ತ ಆಗಿ ಊಟಕ್ಕೆ ಎಲೆ ಹಾಕುವಷ್ಟರೊಳಗಿನ ಫೋಟೊ ಅಂತ ನೆನಪಿದ್ದರೆ ಹುಡುಕುವುದು ಇನ್ನೂ ಸುಲಭ. ವಿಡಿಯೊಗೆ ಈ ದಾರಿ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ದೊಡ್ಡ ಫೈಲ್ ಡಿಸ್ಕಿನಲ್ಲಿ ತುಂಡುತುಂಡಾಗಿ ಕೂತಿದ್ದರೆ ಮೊದಲ ತುಂಡಿನ ಆಚೆ ಅದಕ್ಕೆ ದಾರಿ ತಿಳಿಯದು.

ಕರೆಂಟ್ ಹೋಗದೆ ಕೇಬಲ್ ಕಿತ್ತು ಬಂದವರೂ ಕೇಳುತ್ತಿರುತ್ತಾರೆ. ನನಗೇ ಒಂದು ಮಳೆಗಾಲದಲ್ಲಿ ಇದು ಆಗಿದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಆರಾಮವಾಗಿ ನಡೆಯುತ್ತಿತ್ತು, ಆದರೆ ಮೇಜಿನ ಮೇಲಿದ್ದ ದೊಡ್ಡ ಎಕ್ಸ್‌ಟರ್ನಲ್ ಡಿಸ್ಕಿಗೆ ಬೇರೆ ಅಡಾಪ್ಟರ್, ಕರೆಂಟ್ ಹೋದ ಕೂಡಲೇ ಅದು ಮಾತ್ರ ನಿಂತಿತು. ಆ ಹೊತ್ತಿನಲ್ಲಿ ಕಾಪಿ ಆಗುತ್ತಿದ್ದ ಫೈಲಿಗೆ ವಿಂಡೋಸ್ ತಪ್ಪು ತೋರಿಸಿ ನಿಂತುಬಿಡುತ್ತದೆ, ಅದರ ಮೂಲವನ್ನು ಅಳಿಸುವುದಿಲ್ಲ. ಆದರೆ ಅದಕ್ಕಿಂತ ಹಿಂದಿನ ಕೆಲವು, ಆಗಲೇ "ಮುಗಿಯಿತು" ಅನ್ನಿಸಿಕೊಂಡು ಸಾಲಿನಲ್ಲಿ ನಿಂತಿದ್ದವು, ಸದ್ದಿಲ್ಲದೆ ಹೋಗಿರುತ್ತವೆ. ಕೇಬಲ್ ಪುನಃ ಹಾಕಿ Try Again ಒತ್ತಿದರೆ ಕೆಲಸ ಮುಂದುವರಿದಂತೆ ಕಾಣುತ್ತದೆ, ಕೊನೆಗೆ ಎಲ್ಲ ಸರಿ ಅಂತಲೂ ಕಾಣುತ್ತದೆ. ಹಿಂದಿನ ಆ ನಾಲ್ಕೈದು ಫೈಲಿನ ಬಗ್ಗೆ ಅದು ಒಂದು ಮಾತೂ ಹೇಳುವುದಿಲ್ಲ. ನಾನು ಅವತ್ತು ಕಾಪಿ ಮಾಡುತ್ತಿದ್ದೆ, ಕಟ್ ಅಲ್ಲ, ಹಾಗಾಗಿ ಮೂಲ ಇತ್ತು. ಅಂಥ ಸಂದರ್ಭದಲ್ಲಿ Try Again ಬೇಡ, ಕ್ಯಾನ್ಸಲ್ ಮಾಡಿ, ಎಲ್ಲಿ ನಿಂತಿತು ಅಂತ ಫೈಲಿನ ಹೆಸರು ಬರೆದಿಟ್ಟುಕೊಂಡು, ಅದಕ್ಕಿಂತ ಹಿಂದಿನ ನೂರು ಫೈಲುಗಳನ್ನು ಅನುಮಾನದಿಂದಲೇ ನೋಡಿ.

ಎಲ್ಲ ಸಿಕ್ಕಿದ ಮೇಲೆ E: ಯನ್ನು ಸ್ಕ್ಯಾನ್ ಮಾಡಿ, ಅಥವಾ ನನ್ನ ಕೇಳಿದರೆ ಖಾಲಿ ಮಾಡಿ ಹೊಸದಾಗಿ ಫಾರ್ಮ್ಯಾಟೇ ಮಾಡಿ, ಅದರ 05 ಮತ್ತು C5 ಸೊನ್ನೆ ಇದ್ದರೆ ಮಾತ್ರ. ಆಮೇಲೆ F: ಯಿಂದ 1,860 ಫೋಟೊಗಳನ್ನೂ ಅದಕ್ಕೆ ಕಾಪಿ ಮಾಡಿ. ಕಾಪಿ ಮುಗಿದ ಕೂಡಲೇ ಹೋಲಿಸಬೇಡಿ. ಆಗ ವಿಂಡೋಸ್ ಡಿಸ್ಕನ್ನು ಓದದೆ ತನ್ನ ರ‍್ಯಾಮಿನಲ್ಲಿ ಉಳಿದಿದ್ದನ್ನೇ ಓದಿ ಸರಿ ಇದೆ ಅಂದುಬಿಡಬಹುದು. ಎಜೆಕ್ಟ್ ಮಾಡಿ, ಕೇಬಲ್ ತೆಗೆದು, ಪುನಃ ಸಿಕ್ಕಿಸಿ, ಆಮೇಲೆ ಮೇಲಿನ ಮೂರು ಸಾಲನ್ನು ಫೋಲ್ಡರ್ ಹೆಸರು ಬದಲಾಯಿಸಿ ಕೊಡಿ. ಒಂದೂ ಹೆಸರು ಬರದಿದ್ದರೆ ಕಾಪಿ ಸರಿಯಾಗಿದೆ.

ಅಲ್ಲಿಯ ತನಕ D: ಯ ಆ ಡಿಸ್ಕನ್ನು ಕಂಪ್ಯೂಟರಿಗೆ ವಾಪಸ್ ಹಾಕಬೇಡಿ. 17 ಫೋಟೊವನ್ನೂ ದೊಡ್ಡದಾಗಿ ತೆರೆದು ನೋಡಿ ಆಗುವವರೆಗೆ ಅದು ಬಟ್ಟೆಯಲ್ಲಿ ಸುತ್ತಿ, ಶೀತ ತಾಗದ ಹಾಗೆ ಬೀರುವಿನಲ್ಲಿ ಇರಲಿ. C5 ಎಷ್ಟಿದೆ, winfr ಎಷ್ಟು ಫೋಟೊ ಕೊಟ್ಟಿತು ಅಂತ ಬರೆಯಿರಿ, ಸಿಗದವು ಇದ್ದರೆ ಅಲ್ಲಿಂದ ಮುಂದೆ ನೋಡೋಣ.